ಸಪ್ಪಲಮ್ಮನಿಗೆ ಥಿಯೇಟರ್ ಸೌಂಡು

ಸಪ್ಪಲಮ್ಮ ಸತ್ತ ವರ್ಷಕ್ಕೆ ಹಿರಿಮಗ ಮುರಳಿಗೆ ತಾಯಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿಬಿಟ್ಟಿತ್ತು. ದೊಡ್ಡಬಳ್ಳಾಪುರದ ತನ್ನ ಮನೆಯಲ್ಲೇ ತಿಥಿ ಇಟ್ಟುಕೊಂಡಿದ್ದ. ಊಟ ಮುಗಿದು ನೆಂಟರೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಮುಂದೆ ಗೋಡೆ ತುಂಬ ದೊಡ್ಡ ಟಿವಿ. ಬದುಕಿದ್ದಾಗ ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಿದ್ದವನ ಭಕ್ತಿ ಈಗ ಇಂಚಿನ ಲೆಕ್ಕದಲ್ಲಿತ್ತು.

ಕಿರಿಸೊಸೆ ಭಾಗ್ಯಮ್ಮ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. ಘಾಟಿ ರಸ್ತೆಯ ಊರಿನಲ್ಲಿ ಅತ್ತೆಯ ಹೇಲು ಉಚ್ಚೆ ಬಾಚಿದವಳು ಅವಳು. ಆದರೆ 'ಭಾಗ್ಯ ಮುದುಕಿಗೆ ಹೊಟ್ಟೆಗೆ ಹಾಕದೆ ಕೊಂದಳು' ಎಂಬ ಮಾತನ್ನು ಮುರಳಿ ವರ್ಷದಿಂದ ನೆಂಟರ ಕಿವಿಯಲ್ಲಿ ಊದಿದ್ದ. ಸಪ್ಪಲಮ್ಮನ ಅಣ್ಣ ವೆಂಕಟರಮಣಪ್ಪ ಅದನ್ನು ನಂಬಿದ್ದ. ಅವನು ನಂಬಿದರೆ ಇಡೀ ಬಳಗ ನಂಬಿದ ಹಾಗೆ. ಭಾಗ್ಯಮ್ಮನ ಗಂಡ ಗುರು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ದುಡಿದು ಬರುತ್ತಿದ್ದ, ಅಣ್ಣನ ಎದುರು ಬಾಯಿ ಬಿಡುತ್ತಿರಲಿಲ್ಲ. ಇವತ್ತೂ ನೆಂಟರ ನಡುವೆ ತಲೆ ತಗ್ಗಿಸಿ ಕೂತಿದ್ದ.

ಮುರಳಿ ಪೆನ್‌ಡ್ರೈವ್ ಚುಚ್ಚಿದ. ಮೊದಲು ಫೋಟೋಗಳು. ಸ್ಟುಡಿಯೋದವು ಸರಾಗವಾಗಿ ಬಂದವು. ಅವನು ಹೆಮ್ಮೆಯಿಂದ ಐಫೋನಿನಲ್ಲಿ ತೆಗೆದವು ಮಾತ್ರ ಒಂದೂ ತೆರೆಯಲಿಲ್ಲ, ಬರೀ ಬೂದು ಚೌಕ.

"ಟಿವಿ ಸರಿ ಇಲ್ಲ," ಎಂದ ಮುರಳಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಟಿವಿ ಸರಿಯಾಗೇ ಐತಣ್ಣ," ಎಂದ ಮೂಲೆಯಲ್ಲಿ ಕೂತಿದ್ದ ಸ್ಟುಡಿಯೋ ನರೇಶ. "ಅವು ಎಚ್‌ಇಐಸಿ, ಐಫೋನಿಂದೇ ಬೇರೆ ನಮೂನೆ. ಈ ಟಿವಿ ಮಾಮೂಲಿ ಜೆಪೆಗ್ ಫೋಟೋ ಮಾತ್ರ ತೆಗೆಯೋದು."

ಆಮೇಲೆ ವಿಡಿಯೋ, ಮುರಳಿ ಕೊನೆಯ ಸಲ ಊರಿಗೆ ಬಂದಾಗ ಫೋನಿನಲ್ಲಿ ತೆಗೆದದ್ದು. ಜಗಲಿಯ ಮೇಲೆ ಸಪ್ಪಲಮ್ಮ ಕಾಣಿಸಿದಳು. ಎದುರಿಗೆ ಮುದ್ದೆಯ ತಟ್ಟೆ. ಮುದುಕಿ ಹೊಟ್ಟೆಯ ಮೇಲೆ ಕೈ ಇಟ್ಟು, ಇನ್ನೊಂದು ಕೈ ಆಡಿಸಿ ಏನೋ ಹೇಳುತ್ತಿದ್ದಳು. ದನಿಯೇ ಇಲ್ಲ. ಆಡಿಯೋ ಫಾರ್ಮ್ಯಾಟ್ ಸಪೋರ್ಟ್ ಆಗುವುದಿಲ್ಲ ಎಂಬ ಸಾಲು ಕೆಳಗೆ ಬಂತು. ಮುರಳಿ ರಿಮೋಟಿನಲ್ಲಿ ವಾಲ್ಯೂಮು ಏರಿಸಿದ, ಏರಿಸಿದಷ್ಟೂ ಮೌನ.

ಅವನಿಗೆ ಅದೂ ಅನುಕೂಲವೇ ಆಯಿತು. "ನೋಡಿ ಮಾವ, ಹೊಟ್ಟೆ ಮುಟ್ಕೊಂಡು ತೋರಿಸ್ತವ್ಳೆ. ಹಸಿವು ಅಂತವ್ಳೆ ನಮ್ಮವ್ವ," ಎಂದು ಕಣ್ಣೊರೆಸಿಕೊಂಡ.

ಹೆಂಗಸರು ಲೊಚಗುಟ್ಟಿದರು. ವೆಂಕಟರಮಣಪ್ಪ ತಿರುಗಿ ಭಾಗ್ಯಮ್ಮನನ್ನು ಉರಿಗಣ್ಣಿನಿಂದ ನೋಡಿದ. ಅವಳಿಗೆ ಅಳು ಬರಲಿಲ್ಲ, ಅಸಹ್ಯವಾಯಿತು. ಆ ದಿನ ಇನ್ನೊಂದು ಮುದ್ದೆಯ ತಟ್ಟೆ ಹಿಡಿದು ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದವಳು ಅವಳೇ. ಮುದುಕಿ ಏನಂದಳು ಅನ್ನುವುದು ಅವಳಿಗೆ ಬಾಯಿಪಾಠ.

"ನರೇಶಣ್ಣ, ಸೌಂಡು ಯಾಕೆ ಬರಲ್ಲ?" ಎಂದು ಕೇಳಿದಳು.

ನರೇಶ ತಲೆ ಕೆರೆದುಕೊಂಡ. "ಮುರಳಣ್ಣನೇ ಥಿಯೇಟರ್ ಸೌಂಡ್ ಬೇಕು ಅಂದ್ರು ಅಕ್ಕ. ಅದಕ್ಕೆ ಡಿಟಿಎಸ್‌ನಲ್ಲಿ ಮಾಡ್ಕೊಟ್ಟೆ. ಈ ಟಿವಿಗೆ ಚಿತ್ರ ಓದಕ್ಕೆ ಬರತ್ತೆ, ಡಿಟಿಎಸ್ ಓದಕ್ಕೆ ಬರಲ್ಲ. ಫೋನಿಂದು ಮಾಮೂಲಿ ಎಂಪಿಫೋರ್ ಆಗಿದ್ರೆ ಎರಡೂ ಬರ್ತಿತ್ತು."

ಮುದ್ದೆ ನುಂಗುವ ಮುದುಕಿಗೆ ಥಿಯೇಟರ್ ಸೌಂಡು. ಹೊರಗೆ ಥಳುಕು ಒಳಗೆ ಹುಳುಕು ಅಂದರೆ ಇದೇ ಎಂದುಕೊಂಡಳು ಭಾಗ್ಯಮ್ಮ. ಅದೇ ವಿಡಿಯೋವನ್ನು ಮುರಳಿ ಅಂದೇ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದ, ಅವ್ವ ಏನಂದಳೆಂದು ಕಿವಿಗೊಡದೆ, ತಾನೇ ಪೂರ್ತಿ ನೋಡದೆ. ನೆಂಟರು ಕೈ ಮುಗಿಯುವ ಗೊಂಬೆ ಹಾಕಿ ಕೈ ತೊಳೆದುಕೊಂಡಿದ್ದರು. ಅದನ್ನು ತೆರೆದು ಕೇಳಿದವಳು, ಉಳಿಸಿಕೊಂಡವಳು ಅವಳೊಬ್ಬಳೇ.

ಅವಳು ಫೋನು ಚಾಚಿದಳು. "ಇದರಲ್ಲೈತೆ. ಹಾಕಿ."

"ಬೇಡ ಬಿಡು, ಕ್ಲಿಯರ್ ಇರಲ್ಲ," ಎಂದ ಮುರಳಿ.

"ಕಾಣ್ದಿದ್ರೂ ಪರವಾಗಿಲ್ಲ ಬಾವ, ಕೇಳಿದ್ರೆ ಸಾಕು."

ನರೇಶನ ಬಳಿ ಎರಡು ಕಡೆಯೂ ಮೂತಿಯಿರುವ ಪೆನ್‌ಡ್ರೈವ್ ಇತ್ತು. ಒಂದು ಮೂತಿಯನ್ನು ಫೋನಿಗೆ ಚುಚ್ಚಿ ವಿಡಿಯೋ ಕಾಪಿ ಮಾಡಿದ, ಇನ್ನೊಂದನ್ನು ಟಿವಿಗೆ ಚುಚ್ಚಿದ. ಚಿತ್ರ ಮಸುಕಾಗಿತ್ತು. ಆದರೆ ಸಪ್ಪಲಮ್ಮನ ದನಿ, ಮುರಳಿ ಏರಿಸಿಟ್ಟಿದ್ದ ವಾಲ್ಯೂಮಿನಲ್ಲಿ, ಇಡೀ ಮನೆಯನ್ನೇ ನಡುಗಿಸಿತು.

"ಸಾಕು ಕಣಮ್ಮ ಭಾಗ್ಯ, ಹೊಟ್ಟೆ ಬಿರಿಯಂಗೆ ತಿನ್ನಿಸ್ತೀಯ. ಆ ತಟ್ಟೆ ಇವನಿಗೆ ಕೊಡು. ಬಂದಾಗಿಂದ ಫೋನ್ ಹಿಡ್ಕೊಂಡು ನಿಂತವ್ನೆ, ಹೆಂಗಿದ್ದೀಯವ್ವ ಅಂತ ಒಂದ್ ಮಾತು ಕೇಳ್ಲಿಲ್ಲ ನನ್ ಮಗ."

ಮುರಳಿ ರಿಮೋಟಿಗಾಗಿ ಸೋಫಾ ತಡಕಾಡಿದ. ಅದು ಅವನ ಹೆಂಡತಿ ಪ್ರಮೋದಾಳ ಕೈಯಲ್ಲಿತ್ತು. ಅವಳು ಕೊಡಲಿಲ್ಲ. ಲೊಚಗುಟ್ಟಿದ ಹೆಂಗಸರು ಈಗ ಸೆರಗಿನ ಅಂಚು ನೋಡಿಕೊಳ್ಳುತ್ತಿದ್ದರು.

ವೆಂಕಟರಮಣಪ್ಪ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಇದ್ನ ಆವಾಗ್ಲೇ ಹೇಳಬಾರದಾಗಿತ್ತೇನಮ್ಮ?" ಎಂದ.

ಭಾಗ್ಯಮ್ಮ ತನ್ನ ಫೋನನ್ನು ವಾಪಸು ತೆಗೆದುಕೊಂಡಳು. "ಹೇಳಕ್ಕೇ ಬಂದಿದ್ದೆ ಮಾವ, ಇದೇ ಫೋನ್ ಹಿಡ್ಕೊಂಡು, ನಿಮ್ಮ ಮನೆ ಬಾಗಿಲಿಗೆ. ಒಳಗೂ ಕರೀದೆ ಕಳಿಸಿದ್ರಿ," ಎಂದು ಹೇಳಿ ಗಂಡನ ಕಡೆ ತಿರುಗಿ, "ಏಳ್ರೀ, ಹೋಗಾಣ," ಎಂದಳು.