ಬರಿದಾದ ಮೊಳೆ

ಮಣಿಪಾಲದ ಆಫೀಸಿನವರು ಮೌರಿಸನನ್ನು ಕೆಲಸದಿಂದ ತೆಗೆದು ತಿಂಗಳಾಗಿತ್ತು. ಅಂದೇ ಲ್ಯಾಪ್‌ಟಾಪು, ಕೊರಳ ಐಡಿ ಕಾರ್ಡು ವಾಪಸು ಪಡೆದು, ಎರಡು ತಿಂಗಳ ಸಂಬಳ ಕೊಟ್ಟು ಕಳಿಸಿದ್ದರು. ಹತ್ತೊಂಬತ್ತು ವರ್ಷ ದುಡಿದವನಿಗೆ ಅಷ್ಟೇ ಮರ್ಯಾದೆ! ಮನೆಯಲ್ಲಿ ಬಾಯಿಬಿಡದೆ ಅವನು ದಿನವೂ ಬುತ್ತಿ ಹಿಡಿದು ಸಂತೆಕಟ್ಟೆಯಲ್ಲಿ ಎಂಟರ ಬಸ್ಸು ಹತ್ತುತ್ತಿದ್ದ. ಉಡುಪಿಯ ಲೈಬ್ರರಿಯಲ್ಲಿ ಕೂತು ಅರ್ಜಿ ಕಳಿಸುತ್ತಿದ್ದ. ಯಾರೂ ಕರೆಯಲಿಲ್ಲ.

ಇಂದೂ ಸಂಜೆ ಎಲ್ಲರೂ ಜಪಸರದ ಪ್ರಾರ್ಥನೆಗೆ ಮೊಣಕಾಲೂರಿದರು. ಕೊನೆಯಲ್ಲಿ ಮನೆಯ ಬೇಡಿಕೆಗಳನ್ನು ಹೇಳುವವರು ತಾಯಿ ರೋಸಲಿನ್.

"ನಮ್ಮ ಮೌರಿಸನಿಗೆ ಬೇಗ ಒಂದು ಕೆಲಸ ಸಿಗಲಿ, ದೇವರೇ."

ಅವನು ಬೆಚ್ಚಿ ತಲೆಯೆತ್ತಿದ. ಯೇಸುವಿನ ಪಟದ ಕೆಳಗೆ, ಆಫೀಸಿನಿಂದ ಬಂದು ಅವನು ದಿನವೂ ಐಡಿ ಕಾರ್ಡು ತೂಗುಹಾಕುತ್ತಿದ್ದ ಮೊಳೆ ತಿಂಗಳಿಂದ ಬರಿದಾಗಿತ್ತು.

"ಆಮೆನ್," ಎಂದಳು ಹೆಂಡತಿ.

"ಆಮೆನ್," ಎಂದಳು ಎಂಟು ವರ್ಷದ ಮಗಳೂ, ಅವನಿಲ್ಲದ ಹೊತ್ತಿನಲ್ಲಿ ದಿನವೂ ಈ ಬೇಡಿಕೆಗೆ ಹೇಳಿ ರೂಢಿಯಾದವಳ ಹಾಗೆ.