ಬಾವಿ ಒಂದೇ ಸಲ ಬರಬೇಕು

ನನ್ನ ಗಂಡನ ಬಲಗಣ್ಣು ಹೋದದ್ದು ಶಹಾಬಾದಿನಲ್ಲಿ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯ ಪಕ್ಕದಲ್ಲಿ ಬಾಯಿ ತೆರೆದು ನೋಡುತ್ತ ನಿಂತಿದ್ದರು, ಚಕ್ಕೆಯೊಂದು ಹಾರಿಬಂತು. ಅವರು ಬಸವಂತರಾಯರ ನಾಟಕ ಕಂಪನಿಯಲ್ಲಿ ಪರದೆ ಬರೆಯುವ ಗೋಪಾಲ. ನಾನು ಅದೇ ಕಂಪನಿಯಲ್ಲಿ ಪಾರ್ಟು ಮಾಡುವ ಸುಮಿತ್ರಾಬಾಯಿ. ಗಣಿಯಲ್ಲಿ ನೋಡಲಿಕ್ಕೆ ಏನಿತ್ತು ಅಂತ ಇವತ್ತಿಗೂ ಕೇಳುತ್ತೇನೆ. ಕಲ್ಲಿನ ಬಣ್ಣ ಅನ್ನುತ್ತಾರೆ. ಅವರಿಗೆ ಎಲ್ಲವೂ ಕುತೂಹಲವೇ.

ಒಂದು ಕಣ್ಣಿದ್ದರೆ ಸಾಕು ಅಂದುಕೊಂಡಿದ್ದೆವು. ಆದರೆ ಅವರು ಚಹಾ ಬಗ್ಗಿಸಿದರೆ ಅದು ಕಪ್ಪಿನ ಪಕ್ಕಕ್ಕೆ ಬೀಳುತ್ತಿತ್ತು. ಯಾವುದು ಹತ್ತಿರ, ಯಾವುದು ದೂರ ಎಂಬುದೇ ತಿಳಿಯುತ್ತಿರಲಿಲ್ಲ. ಬರೆದ ಕಾಡಿನ ಪರದೆ ಚಪ್ಪಟೆ ಕಂಡಿತೆಂದು ಕಪ್ಪು ಬಳಿದರು, ಮತ್ತೆ ಬಳಿದರು. ಕಾಡು ಹೋಗಿ ಮಸಿ ಬಟ್ಟೆಯಾಯಿತು.

ಮಾಲಕರು ಕೆಟ್ಟವರಲ್ಲ. ಆದರೂ ಹೇಳಬೇಕಾದ್ದನ್ನು ಹೇಳಿದರು. "ಗೋಪಾಲ, ಚಿತ್ತಾಪುರದ ಕ್ಯಾಂಪ್ ಮುಗಿಯೋತನ ಇರು. ಮುಂದ ಸೇಡಂ ಕ್ಯಾಂಪಿಗಿ ಬ್ಯಾರೆ ಪೇಂಟರಗ ಹೇಳೀನಿ. ನೀ ಬೇಕಾದ್ರ ಗೇಟ್ ನೋಡ್ಕೊ."

ಪರದೆ ಬರೆಯುವ ಕೈ ಗೇಟಿನಲ್ಲಿ ಟಿಕೀಟು ಹರಿಯುವುದೆಂದರೆ! ನನಗೆ ಸಿಟ್ಟು ನೆತ್ತಿಗೇರಿತು. ಅವರು ಮಾತ್ರ ಕುಂಚ ತೊಳೆಯುತ್ತ ಕುಳಿತರು.

ವಾಡಿಯಿಂದ ಚಿತ್ತಾಪುರಕ್ಕೆ ರೈಲಿನಲ್ಲಿ ಹೋಗುವಾಗ ಅವರು ಕಿಟಕಿಗೆ ಅಂಟಿ ಕುಳಿತಿದ್ದರು. ತಟ್ಟನೆ ನನ್ನ ಮೊಣಕೈ ಹಿಡಿದರು.

"ಸುಮಿತ್ರಾ, ನನಗ ದೂರ ಕಾಣಾಕತ್ತದ!"

"ಏನ್ ಕಾಣಾಕತ್ತದ್ರಿ?"

"ತಂತಿ ಕಂಬ ನೋಡು, ಸರ್ ಅಂತ ಹಿಂದ ಓಡತಾವ. ಜೋಳದ ಹೊಲ ಸಾವಕಾಶ ಸರೀತದ. ಆ ಗುಡ್ಡ ಅಂತೂ ನಮ್ಮ ಜೋಡಿನೇ ಬರಾಕತ್ತದ. ನಿಂತ್ರ ಎಲ್ಲಾ ಒಂದ ಹಾಳಿ ಮ್ಯಾಲ ಬರದಂಗ ಅದ. ಸರದ್ರ ಬ್ಯಾರೆ ಬ್ಯಾರೆ ಆಗತಾವ!"

ಎದುರಿಗೆ ಕುಳಿತಿದ್ದ ಗುಲಾಮ ದಸ್ತಗೀರ ನಕ್ಕರು. ಅವರು ವಾಡಿಯ ಲೋಕೋ ಶೆಡ್ಡಿನ ಫಿಟ್ಟರು. ನಾಟಕದ ಹುಚ್ಚಿಗೆ ರಜೆ ಹಾಕಿ ನಮ್ಮ ಜೊತೆ ಹೊರಟಿದ್ದರು. "ಪೇಂಟರ್ ಸಾಬ್, ಗುಡ್ಡ ನಡಸಬೇಕಾದ್ರ ಹೇಳ್ರಿ. ಗಾಲಿ ನಾ ಮಾಡ್ತೀನಿ."

ನಮ್ಮ ಹೊಸ ನಾಟಕದಲ್ಲಿ ನಾನು ಗಂಡನಮನೆ ಬಿಟ್ಟು ತವರಿಗೆ ನಡೆದುಹೋಗುವ ಹೆಣ್ಣು. ಪದ ಹಾಡುತ್ತ ರಂಗದ ಮೇಲೆ ಸುಮ್ಮನೆ ಸುತ್ತು ಹಾಕುತ್ತಿದ್ದೆ. ಇನ್ನು ಮೇಲೆ ನಾನು ನಿಂತಲ್ಲೇ ನಡೆಯಬೇಕು, ಊರುಕೇರಿ ಹಿಂದಕ್ಕೆ ಹೋಗಬೇಕು ಎಂದರು ನನ್ನ ಗಂಡ. ಮಾಲಕರು ಐತವಾರದ ಆಟದವರೆಗೆ ಅವಕಾಶ ಕೊಟ್ಟರು.

ದಸ್ತಗೀರ ಮೂರು ಉದ್ದ ಬಟ್ಟೆಗಳಲ್ಲಿ ಒಂದೊಂದರ ಎರಡೂ ತುದಿ ಕೂಡಿಸಿ ಹೊಲಿಸಿ ಬಳೆಯ ಹಾಗೆ ಮಾಡಿ, ನೆಟ್ಟಗೆ ನಿಲ್ಲಿಸಿದ ಉರುಳೆಗಳಿಗೆ ಹಾಕಿದರು. ಹಿಂದೆ ಗುಡ್ಡ, ನಡುವೆ ಹೊಲ, ಮುಂದೆ ಗಿಡಗಂಟಿ ಮತ್ತು ನೆಲದ ಹುಲ್ಲು. ಗಿಡಗಳ ಸಂದಿಯಿಂದ ಹಿಂದಿನದು ಕಾಣಲೆಂದು ಬಟ್ಟೆ ಕತ್ತರಿಸಿ ಸೊಳ್ಳೆಪರದೆಗೆ ಹೊಲಿದೆವು. ಮೂರನ್ನೂ ತಿರುಗಿಸುವ ಹ್ಯಾಂಡಲ್ ಒಂದೇ. ಗುಡ್ಡದ ಉರುಳೆಗೆ ದೊಡ್ಡ ಗಾಲಿ, ಗಿಡದ ಉರುಳೆಗೆ ಸಣ್ಣದು. ಗಿಡ ಎಂಟು ಮೊಳ ಸರಿದರೆ ಹೊಲ ಮೂರು, ಗುಡ್ಡ ಒಂದೇ ಮೊಳ.

ಮೊದಲ ಸಲ ತಿರುಗಿಸಿದಾಗ ಎಲ್ಲರೂ ಬಿದ್ದುಬಿದ್ದು ನಕ್ಕರು. ಉರುಳೆ ಸುತ್ತಿ ಹಿಂದಿನಿಂದ ವಾಪಸು ಬರುವ ಗಿಡಗಳು ಸಂದಿಯಲ್ಲಿ ಕಾಣುತ್ತಿದ್ದವು.

"ಅರ್ಧ ಗಿಡ ವಾಡಿಗಿ ಹೊಂಟಾವ, ಅರ್ಧ ಹೈದ್ರಾಬಾದಕ್ಕ!" ಎಂದರು ದಸ್ತಗೀರ. ಆಮೇಲೆ ಇನ್ನೆರಡು ಉರುಳೆ ನಿಲ್ಲಿಸಿ, ಗಿಡದ ಬಟ್ಟೆ ಗುಡ್ಡದ ಪರದೆಯ ಬೆನ್ನ ಹಿಂದಿನಿಂದ ಸುತ್ತಿ ಬರುವಂತೆ ಮಾಡಿದರು. ಹೊಲದ ಬಟ್ಟೆಗೂ ಅದೇ ದಾರಿ.

ಇನ್ನೊಂದು ಎಡವಟ್ಟು ನನ್ನ ಗಂಡನದೇ. ಪರದೆಯ ಎರಡೂ ಅಂಚಿಗೆ ಕಪ್ಪು ನೆರಳು ಕೊಡುವುದು ಪೇಂಟರುಗಳ ರೂಢಿ. ನೋಡುವವರ ಕಣ್ಣು ನಡುವೆ ನಿಲ್ಲಲಿ ಅಂತ. ಅದೇ ರೂಢಿಯಲ್ಲಿ ಬರೆದಿದ್ದರು. ತುದಿ ಕೂಡಿಸಿದ ಮೇಲೆ ಹೊಲದ ನಡುವೆ ಕಪ್ಪು ಪಟ್ಟೆಯೊಂದು ಮೆರವಣಿಗೆ ಹೊರಟಿತು. ಅಳಿಸಿ, ಬಲ ತುದಿಯಲ್ಲಿ ಅರ್ಧಕ್ಕೆ ನಿಂತ ಬದುವನ್ನು ಎಡ ತುದಿಯಲ್ಲಿ ಮುಗಿಸಿದರು. ಹೊಲಿಗೆ ಎಲ್ಲಿದೆ ಎಂದು ನನಗೇ ಗೊತ್ತಾಗಲಿಲ್ಲ.

ನನ್ನ ಕಾಲಿನ ಕಷ್ಟ ಯಾರಿಗೆ ಹೇಳಲಿ? ಊರಿದ ಕಾಲನ್ನು ಹುಲ್ಲು ಸರಿಯುವಷ್ಟೇ ಹಿಂದಕ್ಕೆ ಜಾರಿಸಬೇಕು, ಇನ್ನೊಂದನ್ನು ಎತ್ತಿ ಮುಂದಿಡಬೇಕು. ಹೆಜ್ಜೆಗೆ ಒಂದು ಮೊಳ. ಹುಲ್ಲು ಜೋರಾದರೆ ನಾನು ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರುವವಳು, ನಿಧಾನವಾದರೆ ತಿಪ್ಪೆ ತುಳಿಯುವವಳು. ಮೊದಲ ಹೆಜ್ಜೆ ಯಾವುದು, ನೂರನೆಯದು ಯಾವುದು ಎಂದು ಯಾರೂ ಗುರುತಿಸಬಾರದು. ಕೊನೆಗೆ ದಸ್ತಗೀರ ನನ್ನ ಗೆಜ್ಜೆ ಕೇಳಿ ಹ್ಯಾಂಡಲ್ ತಿರುಗಿಸತೊಡಗಿದರು.

ಶನಿವಾರ ಮಧ್ಯಾಹ್ನ ಮಾಲಕರ ಮುಂದೆ ತಾಲೀಮು. ನಾನು ನಡೆದೆ, ಊರು ಸರಿಯಿತು. ನಲವತ್ತು ಹೆಜ್ಜೆಗೆ ಬಾವಿಯೊಂದು ಬಂತು. ಎಂಬತ್ತಕ್ಕೆ ಮತ್ತೆ ಬಂತು. ನೂರಿಪ್ಪತ್ತಕ್ಕೆ ಮಾಲಕರು ಕೈ ಎತ್ತಿದರು.

"ನಿಲ್ಲಸ್ರಪ್ಪ. ಈಕಿ ತವರಿಗಿ ಹೊಂಟಾಳೋ, ಬಾವಿ ಸುತ್ತಾಕತ್ತಾಳೋ?"

ಗಿಡದ ಬಟ್ಟೆಯ ಉದ್ದ ನಲವತ್ತು ಮೊಳ. ಪೊದೆಗಳು ಒಂದರ ಹಾಗೆ ಒಂದಿದ್ದವು, ಮರಳಿ ಬಂದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಬಾವಿ ಮಾತ್ರ ಸಿಕ್ಕಿಬಿತ್ತು. ಅದು ತೆಂಗಳಿಯ ಬಾವಿ, ನನ್ನ ತವರಿನದು. ನನ್ನ ಗಂಡ ನನ್ನನ್ನು ಮೊದಲು ನೋಡಿದ್ದು ಅಲ್ಲಿಯೇ. ಯಾವ ಪರದೆಯಲ್ಲೂ ಹೆಸರು ಬರೆಯದೆ ಮೂಲೆಯಲ್ಲಿ ಆ ಬಾವಿ ಬರೆಯುತ್ತಿದ್ದರು. ಅದೇ ಅವರ ಸಹಿ.

ಅವರು ಕುಂಚ ತಗೊಂಡು ಬಾವಿಯ ಮೇಲೆ ಹಸಿರು ಬಳಿದರು.

"ಅಳಸಬ್ಯಾಡ್ರಿ! ನಿಮ್ಮ ಹೆಸರಿಗಂತ ಅದೊಂದ ಉಳದಿತ್ತು."

"ದಾರಿಯೊಳಗ ಗಿಡ ಎಷ್ಟರ ಸಲ ಬರಲಿ, ಸುಮಿತ್ರಾ. ತವರಿನ ಬಾವಿ ಒಂದ ಸಲ ಬರಬೇಕು," ಎಂದರು. ನನಗೆ ಅರ್ಥವಾಗಲಿಲ್ಲ. ಸಿಟ್ಟಿನಿಂದ ಊಟ ಬಿಟ್ಟೆ.

ಐತವಾರ ಸಂಜೆ ತಗಡಿನ ಥೇಟರು ತುಂಬಿತ್ತು. ನಾನು ಹಾಡುತ್ತ ನಡೆದೆ. ಹುಲ್ಲು ನನ್ನ ಕಾಲಿಗೆ ಸರಿಯಾಗಿ ಹಿಂದಕ್ಕೆ ಹೋಯಿತು, ಹೊಲ ನಿಧಾನಕ್ಕೆ ಸರಿಯಿತು, ಗುಡ್ಡ ಜೊತೆಗೇ ಬಂತು. ಪದದ ಕೊನೆಯ ಸಾಲಿಗೆ ರಂಗದ ಪಕ್ಕದಿಂದ ಏನೋ ಹೊರಬಂತು.

ಬಾವಿ! ಹಲಗೆಯಲ್ಲಿ ಕತ್ತರಿಸಿ ಬರೆದ ಬಾವಿ, ಬಳೆ ಬಟ್ಟೆಗೆ ಸೇರದ್ದು. ನನ್ನ ಗಂಡ ಆಚೆ ನಿಂತು ಹಗ್ಗ ಎಳೆಯುತ್ತಿದ್ದರು, ಹುಲ್ಲು ಸರಿಯುವಷ್ಟೇ ವೇಗಕ್ಕೆ. ಅದು ಬಂದು ನನ್ನ ಮುಂದೆ ನಿಂತಿತು, ಅದೇ ಗಳಿಗೆಗೆ ದಸ್ತಗೀರ ಹ್ಯಾಂಡಲ್ ನಿಲ್ಲಿಸಿದರು. ನನ್ನ ಕಾಲೂ ನಿಂತಿತು. ಆಡಬೇಕಿದ್ದ ಮಾತು ಮರೆತು ಬಾವಿಯ ಕಟ್ಟೆ ಮುಟ್ಟಿದೆ. ನಾನು ನಿಜವಾಗಿ ತೆಂಗಳಿಗೆ ಬಂದಿದ್ದೆ.

"ಬಂದ್ಳು, ತವರಿಗಿ ಬಂದ್ಳು!" ಎಂದು ಹೆಂಗಸರ ಕಡೆಯಿಂದ ಯಾರೋ ಕೂಗಿದರು.

ಓರೆಗಣ್ಣಿನಲ್ಲಿ ಮುಂದಿನ ಕುರ್ಚಿ ನೋಡಿದೆ. ಮಾಲಕರು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಕುಳಿತಿದ್ದರು. ಯಾವಾಗಿನಿಂದ ಹಾಗೆ ನೋಡುತ್ತಿದ್ದರೋ ಗೊತ್ತಿಲ್ಲ.

ಆಟ ಮುಗಿದ ಮೇಲೆ ಒಳಗೆ ಬಂದರು. "ಗೋಪಾಲ, ಒಂದ ಕಣ್ಣಿಲೇ ನೋಡಿದ್ನೋ. ಎರಡ ಕಣ್ಣಿಗಿ ಕಂಡಷ್ಟ ದೂರ ಕಂಡಿತು," ಎಂದರು. ಚಹಾದ ಕಪ್ಪು ಮುಂದಿಟ್ಟು, "ಸೇಡಂ ಕ್ಯಾಂಪಿಗಿ ಹೋಗೋವಾಗ ಬಾವಿ ಹುಷಾರಾಗಿ ಕಟ್ಟು. ಗೇಟಿಗಿ ಬ್ಯಾರೆ ಯಾರನ್ನರ ನೋಡ್ತೀನಿ," ಎಂದರು.

ನನ್ನ ಗಂಡ ಕಿಟ್ಲಿ ಎತ್ತಿದರು. ಮಾಲಕರ ಕಪ್ಪಿನ ಮುಂದೆ ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಸಿ ನೋಡಿದರು. ಆಮೇಲೆ ಬಗ್ಗಿಸಿದರು. ಚಹಾ ಕಪ್ಪಿನೊಳಗೇ ಬಿತ್ತು.