ರಾಣಿ ಬದಲಾಯಿಸಿದ ಹೊತ್ತು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವಳಿಗೆ ಚಿಕ್ಕಂದಿನಲ್ಲೇ ಚದುರಂಗ ಹೇಳಿಕೊಟ್ಟವರು ಸೋದರಮಾವ. ಅಂತಿಂಥ ಹೇಳಿಕೊಡುವಿಕೆಯಲ್ಲ, ತಪ್ಪು ನಡೆಗೆ ತಲೆಯ ಮೇಲೆ ಮೊಟಕಿ, ಸರಿ ನಡೆಗೂ "ಯಾಕೆ?" ಎಂದು ಕೇಳಿ ಜೀವ ಹಿಂಡುವ ಜಾತಿ. ಕಾಲೋನಿಯ ಕ್ಲಬ್ ತಂಡದಲ್ಲಿ ಅವರು ಮೂವತ್ತೆಂಟು ವರ್ಷ ಆಡಿದ್ದರು. ಹೆಂಡತಿ ತೀರಿಕೊಂಡ ಮೇಲಂತೂ ಅವರಿಗೆ ಉಳಿದಿದ್ದ ನೆಂಟಸ್ತಿಕೆಯೆಲ್ಲ ಆ ತಂಡವೇ.

ಕಳೆದ ವರ್ಷದಿಂದ ಮಾವನಿಗೆ ಮರೆವು ಹತ್ತಿತ್ತು. ಒಂದೇ ಮಾತ್ರೆಯನ್ನು ಎರಡು ಸಲ ನುಂಗುವುದು, ಕ್ಲಬ್ಬಿನ ಮೆಟ್ಟಿಲು ಹತ್ತಿ ಯಾಕೆ ಬಂದೆನೆಂದು ನಿಂತುಬಿಡುವುದು. ಈ ಸಲದ ತಂಡದ ಆಯ್ಕೆಯ ಸುತ್ತಿನಲ್ಲಿ ಅವರಿಗೆ ಇನ್ನು ಅರ್ಧ ಪಾಯಿಂಟ್ ಬೇಕಿತ್ತು. ಉಳಿದಿದ್ದು ಒಂದೇ ಆಟ, ಅದೂ ಸೋದರಸೊಸೆಯಾದ ಅವಳ ಎದುರಿಗೆ. ಅವಳ ಜಾಗ ಆಗಲೇ ಖಾತ್ರಿಯಾಗಿತ್ತು.

"ನೋಡಮ್ಮ, ಡ್ರಾ ಆದ್ರೂ ಸಾಕು, ಅವರು ತಂಡದಲ್ಲೇ ಇರ್ತಾರೆ" ಎಂದಿದ್ದ ಕ್ಲಬ್ಬಿನ ಸೆಕ್ರೆಟರಿ, ಅವಳ ಮುಖ ನೋಡದೆ. "ಸೋತ್ರೆ ಮಾತ್ರ ನಾನೇನೂ ಮಾಡೋಕಾಗಲ್ಲ." ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಮುಚ್ಚಳ ತಿರುಗಿಸುತ್ತ ನಿಲ್ಲುತ್ತಿದ್ದ.

ಮೂರು ಗಂಟೆಯ ಆಟದ ನಂತರ ಬೋರ್ಡಿನ ಮೇಲೆ ಉಳಿದದ್ದು ಎರಡು ರಾಜ, ಎರಡು ರಾಣಿ, ಮತ್ತು ಅವಳದೊಂದು ಕಾಲಾಳು. ಅವಳ ರಾಜ ಕಾಲಾಳಿನ ಪಕ್ಕದಲ್ಲಿದ್ದ. ಆಗ ಮಾವ ತಮ್ಮ ರಾಣಿಯನ್ನು ತಮ್ಮ ರಾಜನ ಮುಂದೆ, ಅವಳ ರಾಣಿಯ ನೇರಕ್ಕೆ ತಂದಿಟ್ಟರು. ಬೇಕಿದ್ದರೆ ಬದಲಾಯಿಸಿಕೋ ಎಂಬಂತೆ.

ಅವಳ ಎದೆ ಹಗುರಾಯಿತು. ಅಂದರೆ ಡ್ರಾದ ದಾರಿ ಮಾವನಿಗೆ ಕಂಡಿದೆ. ಈಗ ರಾಣಿಗಳು ಹೋದರೆ ಮಾವನ ರಾಜ ಕಾಲಾಳಿನ ದಾರಿಗೆ ಸರಿಯಾಗಿ ಅಡ್ಡ ನಿಲ್ಲುತ್ತಾನೆ, ಆಟ ಡ್ರಾ. ಗೆಲ್ಲಬೇಕೆಂದರೆ ಅವಳು ತಾಳಬೇಕಿತ್ತು. ಚೆಕ್ ಕೊಡುತ್ತ ಆ ರಾಜನನ್ನು ದಾರಿಯಿಂದ ಓಡಿಸಿ, ತನ್ನ ರಾಜನನ್ನು ಕಾಲಾಳಿಗಿಂತ ಮುಂದೆ ತಂದು, ಆಮೇಲೆ ಬದಲಾಯಿಸಬೇಕಿತ್ತು. ಒಂದು ಕಾಲಾಳು ಹೆಚ್ಚಿದ್ದಾಗ ರಾಣಿ ಬದಲಾಯಿಸುವುದು ಒಳ್ಳೆಯದು ನಿಜ, ಆದರೆ ಮೊದಲು ರಾಜರು ಎಲ್ಲಿ ನಿಂತಿದ್ದಾರೆ ನೋಡು ಎಂದು ಬಡಬಡಿಸಿ ಅವಳ ಕಿವಿ ತೂತು ಮಾಡಿದ್ದವರೇ ಮಾವ.

ಅವಳು ಐದು ನಿಮಿಷ ಕೂತಳು. ಮಾವನಿಗೆ ದಾನ ಕೊಡುತ್ತಿದ್ದೇನೆಂಬ ನಾಚಿಕೆಯೂ ಆಯಿತು. ಆದರೆ ಮಾವನಿಲ್ಲದ ತಂಡ ನೆನೆಸಿಕೊಂಡರೆ ಅಳು ಬರುತ್ತಿತ್ತು. ರಾಣಿಯಿಂದ ರಾಣಿಯನ್ನು ಹೊಡೆದಳು. ಮಾವ ರಾಜನಿಂದ ಹೊಡೆದುಕೊಂಡರು. ಅವಳು ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದಳು.

ಉಳಿದದ್ದು ಮಕ್ಕಳ ಪಾಠ. ಡ್ರಾ ಆಗಲು ಮಾವನ ರಾಜ ನೇರ ಹಿಂದಕ್ಕೆ ಹೋಗಬೇಕು. ಓರೆಯಾಗಿ ಹೋದರೆ ಸೋಲು. ಅವಳು ಒಂಬತ್ತು ವರ್ಷದವಳಿದ್ದಾಗ ಮಾವ ಇದನ್ನೇ ನೂರು ಸಲ ಆಡಿಸಿದ್ದರು.

ಮಾವ ರಾಜನನ್ನು ಎತ್ತಿದರು. ಕೈ ಗಾಳಿಯಲ್ಲಿ ತಡೆಯಿತು. ನೇರ ಹಿಂದಿನ ಮನೆಯ ಮೇಲೆ ಒಂದು ಗಳಿಗೆ ನಿಂತು, ಪಕ್ಕದ ಮನೆಗೆ ಓರೆಯಾಗಿ ಇಳಿಯಿತು.

ಪಕ್ಕದಲ್ಲಿ ನಿಂತಿದ್ದ ಸೆಕ್ರೆಟರಿ ಕಿಟಕಿಯ ಕಡೆ ತಿರುಗಿಕೊಂಡ. ಇಷ್ಟು ದಿನ ಮಾತ್ರೆ ಮರೆತರು, ಮೆಟ್ಟಿಲು ಮರೆತರು ಎಂದು ಅವಳು ತಾಳಿಕೊಂಡಿದ್ದಳು. ಇದನ್ನೂ ಮರೆಯುತ್ತಾರೆಂದು ಎಣಿಸಿರಲಿಲ್ಲ.

"ಡ್ರಾ ಮಾಡ್ಕೊಳ್ಳೋಣ್ವಾ ಮಾವ?" ಎಂದಳು.

ಮಾವ ಬೋರ್ಡನ್ನು ಎರಡು ನಿಮಿಷ ನೋಡಿದರು. ಸೋಲು ಅವರಿಗೆ ಈಗ ಕಂಡಿತ್ತು. ಅದು ಎಲ್ಲಿಂದ ಬಂತೆನ್ನುವುದು ಕಂಡಿರಲಿಲ್ಲ.

"ಗೆದ್ದಿರೋ ಆಟಾನ ಯಾಕೆ ಬಿಟ್ಟುಕೊಡ್ತೀಯ? ನಂಗೆ ಭಿಕ್ಷೆ ಬೇಡ" ಎಂದು ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿದರು. ಸಹಿ ಹಾಕಲು ಹಾಳೆ ಎಳೆದುಕೊಂಡರು. ಸೆಕ್ರೆಟರಿ ಪೆನ್ನು ಕೊಟ್ಟ.

ಅವಳು ಬೈಗುಳಕ್ಕೆ ಕಾದಳು. ಅಷ್ಟು ಬೇಗ ರಾಣಿ ಬದಲಾಯಿಸಿದ್ದಕ್ಕೆ ಹಿಂದಿನ ಮಾವ ಆಗಿದ್ದರೆ ಕ್ಲಬ್ಬಿನ ಛಾವಣಿ ಹಾರಿಹೋಗುವಂತೆ ಕೂಗುತ್ತಿದ್ದರು. ಕೂಗಲಿ, ಒಮ್ಮೆ ಮೊಟಕಲಿ, ಎಲ್ಲರೆದುರು ಮಾನ ತೆಗೆಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಮಾವ ಕೈ ಚಾಚಿ ಅವಳ ತಲೆ ಸವರಿದರು. "ರಾಣಿ ಬದಲಾಯಿಸಿದ್ದು ಸರಿಯಾದ ಹೊತ್ತಿಗೆ ಪುಟ್ಟಿ" ಎಂದರು. "ಯಾರು ಹೇಳಿಕೊಟ್ರು ನಿಂಗೆ?"